ಎರಡು ಸಕ್ಕರೆ, ಒಂದು ಫಾಸ್ಫೇಟ್

ಅಗತ್ಯ ಲವಣಗಳಿರುವ ನೀರಿಗೆ ಲೀಟರಿಗೆ ಅರ್ಧ ಗ್ರಾಂ ಗ್ಲುಕೋಸ್, ಒಂದೂವರೆ ಗ್ರಾಂ ಲ್ಯಾಕ್ಟೋಸ್ ಬೆರೆಸಿ, ಅದಕ್ಕೆ ಸ್ವಲ್ಪ ಇ. ಕೋಲೈ ಬ್ಯಾಕ್ಟೀರಿಯಾ ಬಿಡಿ. 37 ಡಿಗ್ರಿಯಲ್ಲಿಟ್ಟು ಕುಲುಕುತ್ತ, ಹತ್ತು ನಿಮಿಷಕ್ಕೊಮ್ಮೆ ದ್ರಾವಣ ಎಷ್ಟು ಮಬ್ಬಾಗಿದೆ ಎಂದು ಅಳೆಯಿರಿ. ಮಬ್ಬು ಹೆಚ್ಚಿದಷ್ಟೂ ಜೀವಕೋಶಗಳು ಹೆಚ್ಚಿವೆ ಎಂದರ್ಥ. ಕೆಲವು ಗಂಟೆಗಳ ಕಾಲ ರೇಖೆ ಚೆನ್ನಾಗಿಯೇ ಏರುತ್ತದೆ. ಆಮೇಲೆ ಥಟ್ಟನೆ ನಿಲ್ಲುತ್ತದೆ. ದ್ರಾವಣದಲ್ಲಿ ಒಂದೂವರೆ ಗ್ರಾಂ ಸಕ್ಕರೆ ಮುಟ್ಟದೆ ಹಾಗೇ ಉಳಿದಿದ್ದರೂ ಸುಮಾರು ಅರ್ಧ ಗಂಟೆ ಯಾವ ಜೀವಕೋಶವೂ ಬೆಳೆಯುವಂತೆ ಕಾಣುವುದಿಲ್ಲ. ನಂತರ ರೇಖೆ ಮತ್ತೆ ಏರತೊಡಗುತ್ತದೆ.

ಈ ಮೆಟ್ಟಿಲನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವನು ಪ್ಯಾರಿಸ್ಸಿನ ಜಾಕ್ ಮೊನೊ. 1940ರ ಸುಮಾರಿಗೆ ಅವನು ಬ್ಯಾಕ್ಟೀರಿಯಾಗಳಿಗೆ ಸಕ್ಕರೆಗಳನ್ನು ಜೋಡಿ ಜೋಡಿಯಾಗಿ ಉಣಿಸಿ ನೋಡುತ್ತಿದ್ದ. ಕೆಲವು ಜೋಡಿಗಳಲ್ಲಿ ರೇಖೆ ನೇರವಾಗಿ ಏರುತ್ತಿತ್ತು, ಕೆಲವುಗಳಲ್ಲಿ ನಡುವೆ ನಿಲ್ಲುತ್ತಿತ್ತು. ಮೊದಲ ಸಕ್ಕರೆಯ ಪ್ರಮಾಣ ಹೆಚ್ಚಿಸಿದರೆ ನಿಲುಗಡೆಯೂ ಅಷ್ಟೇ ಮೇಲಕ್ಕೆ ಸರಿಯುತ್ತಿತ್ತು. ಅಂದರೆ ಜೀವಕೋಶ ಎರಡನ್ನೂ ಒಟ್ಟಿಗೆ ತಿನ್ನುತ್ತಿಲ್ಲ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕುತ್ತಿದೆ. ಮೊನೊ ಇದಕ್ಕೆ ಡಯಾಕ್ಸಿ, ಎಂದರೆ ಇಬ್ಬಗೆಯ ಬೆಳವಣಿಗೆ, ಎಂದು ಹೆಸರಿಟ್ಟ. ಇಪ್ಪತ್ತು ವರ್ಷಗಳ ನಂತರ, 1961ರಲ್ಲಿ, ಅವನೂ ಫ್ರಾನ್ಸ್ವಾ ಜಾಕೋಬನೂ ಸೇರಿ ಲ್ಯಾಕ್ ಒಪೆರಾನ್ ಎಂಬ ವಿವರಣೆಯನ್ನು ಮುಂದಿಟ್ಟರು. ಆದರೆ ಆ ಅರ್ಧ ಗಂಟೆಯ ಲೆಕ್ಕ ಅಲ್ಲಿಗೆ ಚುಕ್ತಾ ಆಗಲಿಲ್ಲ.

ಒಪೆರಾನ್ ಎಂದರೆ ಒಂದೇ ಸ್ವಿಚ್ಚಿಗೆ ಸೇರಿದ ಅಕ್ಕಪಕ್ಕದ ಜೀನುಗಳ ಸಾಲು. ಲ್ಯಾಕ್ ಒಪೆರಾನಿನಲ್ಲಿ ಮೂರು ಜೀನುಗಳಿವೆ, ನಮಗೆ ಇಲ್ಲಿ ಎರಡು ಸಾಕು. ಒಂದು ಪರ್ಮಿಯೇಸ್ ಎಂಬ ಪ್ರೋಟೀನನ್ನು ಮಾಡಿಸುತ್ತದೆ. ಅದು ಜೀವಕೋಶದ ಪೊರೆಯಲ್ಲಿ ಕೂತು ಲ್ಯಾಕ್ಟೋಸನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲು. ಇನ್ನೊಂದು ಬೀಟಾ-ಗ್ಯಾಲಕ್ಟೊಸೈಡೇಸ್ ಕಿಣ್ವವನ್ನು ಮಾಡಿಸುತ್ತದೆ. ಒಳಗೆ ಬಂದ ಲ್ಯಾಕ್ಟೋಸನ್ನು ಗ್ಲುಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುವುದು ಅದರ ಕೆಲಸ. ಜೀನುಗಳ ಮುಂದೆಯೇ, ಅವನ್ನು ಓದಿ ನಕಲು ಮಾಡುವ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಬಂದು ಕೂರುವ ಜಾಗವಿದೆ, ಅದು ಪ್ರೊಮೋಟರ್. ಅದಕ್ಕೆ ಅಂಟಿಕೊಂಡಂತೆಯೇ ರಿಪ್ರೆಸರ್ ಎಂಬ ತಡೆಗಾರ ಪ್ರೋಟೀನ್ ಕಚ್ಚಿಕೊಳ್ಳುವ ಆಪರೇಟರ್ ಇದೆ. ಒಂದು ಜೀವಕೋಶದಲ್ಲಿ ಈ ತಡೆಗಾರರು ಇರುವುದೇ ಹತ್ತರ ಆಸುಪಾಸು. ಆದರೂ ಅವು ಕಾವಲು ಕೂತಿದ್ದಾಗ ಒಪೆರಾನಿನಿಂದ ಹೊರಬರುವ ಉತ್ಪನ್ನ ಪೂರ್ಣ ಸಾಮರ್ಥ್ಯದ ಸಾವಿರದ ಒಂದು ಭಾಗದಷ್ಟಿರುತ್ತದೆ.

ಆ ಸಾವಿರದ ಒಂದು ಭಾಗವನ್ನು ಕಡೆಗಣಿಸುವಂತಿಲ್ಲ. ತಡೆಗಾರವನ್ನು ಡಿಎನ್‌ಎಯಿಂದ ಬಿಡಿಸುವುದು ಲ್ಯಾಕ್ಟೋಸ್ ಅಲ್ಲ, ಅಲ್ಲೊಲ್ಯಾಕ್ಟೋಸ್ ಎಂಬ ಅದರ ಹತ್ತಿರದ ಸಂಬಂಧಿ. ಲ್ಯಾಕ್ಟೋಸಿನ ಎರಡು ತುಂಡುಗಳನ್ನು ಜೋಡಿಸಿರುವ ಜಾಗ ಬದಲಾದರೆ ಅಲ್ಲೊಲ್ಯಾಕ್ಟೋಸ್ ಆಗುತ್ತದೆ. ಹಾಗೆ ಬದಲಿಸುವುದು ಬೀಟಾ-ಗ್ಯಾಲಕ್ಟೊಸೈಡೇಸೇ. ಲ್ಯಾಕ್ಟೋಸ್ ಒಳಬರಲು ಪರ್ಮಿಯೇಸ್ ಬೇಕು, ಸುದ್ದಿ ಮುಟ್ಟಿಸಲು ಕಿಣ್ವ ಬೇಕು, ಇವೆರಡೂ ತಯಾರಾಗಬೇಕಾದರೆ ಸುದ್ದಿ ಮೊದಲೇ ಮುಟ್ಟಿರಬೇಕು! ತಡೆಗಾರ ಆಗಾಗ ಕ್ಷಣಕಾಲ ಜಾರುವುದರಿಂದ ಹುಟ್ಟುವ ಬೆರಳೆಣಿಕೆಯ ಪ್ರೋಟೀನ್ ಅಣುಗಳೇ ಈ ಗಂಟನ್ನು ಬಿಡಿಸುತ್ತವೆ.

ತಡೆಗಾರ ಹೋದಮೇಲೆ ದಾರಿ ಸುಗಮವಾಯಿತು ಎಂದುಕೊಳ್ಳಬಹುದು. ಹಾಗಿಲ್ಲ, ಏಕೆಂದರೆ ಲ್ಯಾಕ್ ಪ್ರೊಮೋಟರ್ ಹುಟ್ಟಿನಿಂದಲೇ ದುರ್ಬಲ. ಪಾಲಿಮರೇಸ್ ಗಟ್ಟಿಯಾಗಿ ಹಿಡಿಯುವ ಆದರ್ಶ ಅಕ್ಷರಸಾಲು TATAAT. ಲ್ಯಾಕ್‌ನಲ್ಲಿ ಇರುವುದು TATGTT. ಎರಡು ಅಕ್ಷರಗಳ ವ್ಯತ್ಯಾಸದಿಂದ ಪಾಲಿಮರೇಸಿನ ಹಿಡಿತ ಸಡಿಲವಾಗುತ್ತದೆ. ಆ ಕೊರತೆಯನ್ನು ತುಂಬಿಕೊಡುವುದು ಕ್ಯಾಟಬೊಲೈಟ್ ಆ್ಯಕ್ಟಿವೇಟರ್ ಪ್ರೋಟೀನ್, ಚಿಕ್ಕದಾಗಿ ಕ್ಯಾಪ್. ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣು ಅಂಟಿಕೊಂಡಾಗ ಮಾತ್ರ ಕ್ಯಾಪ್ ಪ್ರೊಮೋಟರಿನ ಹಿಂಭಾಗದ ಡಿಎನ್‌ಎಯನ್ನು ಹಿಡಿಯಬಲ್ಲದು. ಹಿಡಿದು, ಅದನ್ನು ಹೆಚ್ಚುಕಡಿಮೆ ಲಂಬಕೋನಕ್ಕೆ ಬಗ್ಗಿಸಿ, ಪಾಲಿಮರೇಸಿನ ಒಂದು ಬಾಲವನ್ನು ಮುಟ್ಟಿ ಅದನ್ನು ಪ್ರೊಮೋಟರಿನ ಮೇಲೆ ನಿಲ್ಲಿಸುತ್ತದೆ. ಪ್ರೊಮೋಟರಿನ ಆ ಎರಡು ಅಕ್ಷರಗಳನ್ನು ತಿದ್ದಿ TATAAT ಮಾಡಿದ ರೂಪಾಂತರವೊಂದು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಅದಕ್ಕೆ ಕ್ಯಾಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕ್ಯಾಪ್ ಮತ್ತು ಸೈಕ್ಲಿಕ್ ಎಎಂಪಿಯ ನಂಟನ್ನು ಬಯಲಿಗೆಳೆಯುವ ಸೊಗಸಾದ ಪರೀಕ್ಷೆಯೊಂದಿದೆ. ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವವೇ ಕೆಟ್ಟಿರುವ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಮೇಲೆ ಬೆಳೆಯಲಾರದು. ಕ್ಯಾಪ್ ಕೆಟ್ಟಿರುವುದೂ ಬೆಳೆಯಲಾರದು. ಹೊರನೋಟಕ್ಕೆ ಎರಡೂ ಒಂದೇ ಕಾಯಿಲೆ. ದ್ರಾವಣಕ್ಕೆ ಸೈಕ್ಲಿಕ್ ಎಎಂಪಿ ಬೆರೆಸಿ ನೋಡಿ, ಮೊದಲನೆಯದು ಚೇತರಿಸಿಕೊಳ್ಳುತ್ತದೆ, ಎರಡನೆಯದು ಇಲ್ಲ. ಓದುವವನೇ ಇಲ್ಲದ ಮನೆಗೆ ಪತ್ರ ಕಳಿಸಿ ಏನು ಪ್ರಯೋಜನ?

ಇಲ್ಲಿಗೆ ಪಠ್ಯಪುಸ್ತಕದ ಹೆಸರಾಂತ ನಾಲ್ಕು ಸನ್ನಿವೇಶಗಳಿಗೆ ಬರುತ್ತೇವೆ. ಎರಡೂ ಸಕ್ಕರೆ ಇಲ್ಲದೆ, ಜೀವಕೋಶ ಗ್ಲಿಸರಾಲಿನಂಥ ಬೇರೇನನ್ನೋ ತಿಂದು ಬದುಕಿರುವಾಗ, ಸೈಕ್ಲಿಕ್ ಎಎಂಪಿ ಧಾರಾಳವಾಗಿದೆ, ಕ್ಯಾಪ್ ಸಿದ್ಧವಾಗಿದೆ, ಆದರೆ ತಡೆಗಾರ ಜಾಗ ಬಿಡುವುದಿಲ್ಲ. ಗ್ಲುಕೋಸ್ ಮಾತ್ರ ಇದ್ದಾಗ ತಡೆಗಾರವೂ ಕೂತಿದೆ, ಕ್ಯಾಪಿನ ನೆರವೂ ಕಡಿಮೆ. ಲ್ಯಾಕ್ಟೋಸ್ ಮಾತ್ರ ಇದ್ದಾಗ ತಡೆಗಾರ ದೂರ, ಕ್ಯಾಪ್ ಹತ್ತಿರ, ಒಪೆರಾನ್ ಭರದಿಂದ ನಡೆಯುತ್ತದೆ, ಒಂದೊಂದು ಜೀವಕೋಶದಲ್ಲೂ ಸಾವಿರಾರು ಕಿಣ್ವದ ಅಣುಗಳು. ಈ ಮೂರರ ಬಗ್ಗೆ ತಕರಾರಿಲ್ಲ. ತೊಡಕಿರುವುದು ನಾಲ್ಕನೆಯದರಲ್ಲಿ, ನಮ್ಮ ಫ್ಲಾಸ್ಕಿನಲ್ಲಿರುವಂತೆ ಎರಡೂ ಸಕ್ಕರೆ ಒಟ್ಟಿಗಿರುವಾಗ.

ಬಹಳಷ್ಟು ಪುಸ್ತಕಗಳ ಉತ್ತರ ಹೀಗಿದೆ. ಲ್ಯಾಕ್ಟೋಸ್ ಇರುವುದರಿಂದ ತಡೆಗಾರ ಹೊರಟುಹೋಗುತ್ತದೆ, ಗ್ಲುಕೋಸ್ ಇರುವುದರಿಂದ ಸೈಕ್ಲಿಕ್ ಎಎಂಪಿ ಇಳಿಯುತ್ತದೆ, ಕ್ಯಾಪ್ ಇಲ್ಲದೆ ಒಪೆರಾನ್ ಕುಂಟುತ್ತದೆ. ನಾನೂ ಹೀಗೆಯೇ ಬರೆದು ಪೂರ್ತಿ ಅಂಕ ಗಿಟ್ಟಿಸಿದವನು. ಆದರೆ ಈ ಉತ್ತರದ ಮೊದಲ ವಾಕ್ಯವೇ ತಪ್ಪು. ಫ್ಲಾಸ್ಕಿನಲ್ಲಿ ಲ್ಯಾಕ್ಟೋಸ್ ಇರುವುದು ನಿಜ, ಜೀವಕೋಶದೊಳಗೆ ಇಲ್ಲ.

ಕಾರಣ ಗ್ಲುಕೋಸ್ ಒಳಬರುವ ರೀತಿಯಲ್ಲಿದೆ. ಗ್ಲುಕೋಸನ್ನು ಇ. ಕೋಲೈ ಸುಮ್ಮನೆ ಒಳಗೆ ಬಿಡುವುದಿಲ್ಲ, ಹೊಸ್ತಿಲಲ್ಲೇ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಆ ಫಾಸ್ಫೇಟ್ ಪ್ರೋಟೀನಿನಿಂದ ಪ್ರೋಟೀನಿಗೆ ಕೈ ಬದಲಾಯಿಸುತ್ತ ಬರುತ್ತದೆ. ಈ ಸಾಲಿನ ಕೊನೆಯಲ್ಲಿರುವವರಲ್ಲಿ ಒಬ್ಬನ ಹೆಸರು ಇಐಐಎ. ಗ್ಲುಕೋಸ್ ಹರಿದು ಬರುತ್ತಿರುವಾಗ ಇಐಐಎ ತನಗೆ ಸಿಕ್ಕ ಫಾಸ್ಫೇಟನ್ನು ಕೂಡಲೇ ಮುಂದಕ್ಕೆ ದಾಟಿಸಿಬಿಡುತ್ತದೆ, ಆದ್ದರಿಂದ ಹೆಚ್ಚಿನ ಹೊತ್ತು ಬರಿಗೈಯಲ್ಲಿರುತ್ತದೆ. ಗ್ಲುಕೋಸ್ ಮುಗಿದರೆ ತೆಗೆದುಕೊಳ್ಳುವವರಿಲ್ಲದೆ ಫಾಸ್ಫೇಟ್ ಅದರ ಕೈಯಲ್ಲೇ ಉಳಿಯುತ್ತದೆ. ಈ ಎರಡು ಸ್ಥಿತಿಗಳಲ್ಲಿ ಅದು ಮಾಡುವ ಕೆಲಸಗಳು ಬೇರೆ ಬೇರೆ. ಕೈಯಲ್ಲಿ ಫಾಸ್ಫೇಟ್ ಇದ್ದರೆ ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವವನ್ನು ಹುರಿದುಂಬಿಸುತ್ತದೆ. ಬರಿಗೈಯಲ್ಲಿದ್ದರೆ ಹೋಗಿ ಲ್ಯಾಕ್ಟೋಸಿನ ಪರ್ಮಿಯೇಸಿಗೆ ಒಳಗಿನಿಂದ ಅಂಟಿಕೊಂಡು ಬಾಗಿಲು ಜಡಿಯುತ್ತದೆ. ಅದರಲ್ಲೂ ಒಂದು ಜಾಣತನವಿದೆ. ಪರ್ಮಿಯೇಸ್ ಸಕ್ಕರೆಯನ್ನು ಹಿಡಿದಿರುವಾಗ ಮಾತ್ರ ಇಐಐಎ ಅದಕ್ಕೆ ಬಿಗಿಯಾಗಿ ಅಂಟುತ್ತದೆ. ಯಾರೂ ತಟ್ಟದ ಬಾಗಿಲಿಗೆ ಬೀಗ ಹಾಕಿ ಕೂರುವ ದಂಡದ ಕೆಲಸವಿಲ್ಲ.

ಹೀಗೆ ಲ್ಯಾಕ್ಟೋಸ್ ಹೊರಗೇ ಉಳಿದರೆ ಅಲ್ಲೊಲ್ಯಾಕ್ಟೋಸ್ ಆಗುವುದಿಲ್ಲ, ತಡೆಗಾರ ಕದಲುವುದಿಲ್ಲ. ನಾಲ್ಕನೆಯ ಸನ್ನಿವೇಶ ಒಪೆರಾನಿನ ಮಟ್ಟಿಗೆ ಎರಡನೆಯದರಂತೆಯೇ ಆಗಿಬಿಡುತ್ತದೆ.

ಬಾಗಿಲ ಬೀಗದ ಪಾಲೆಷ್ಟು, ಕ್ಯಾಪಿನ ಪಾಲೆಷ್ಟು ಎಂದು ತಿಳಿಯಲು ಐಪಿಟಿಜಿ ಎಂಬ ಕೃತಕ ಅಣು ನೆರವಾಗುತ್ತದೆ. ಅದು ಅಲ್ಲೊಲ್ಯಾಕ್ಟೋಸಿನಂತೆ ತಡೆಗಾರವನ್ನು ಬಿಡಿಸುತ್ತದೆ, ಆದರೆ ಒಳಬರಲು ಪರ್ಮಿಯೇಸನ್ನು ನೆಚ್ಚಿಕೊಂಡಿಲ್ಲ. ಫ್ಲಾಸ್ಕಿನಿಂದ ಆಗಾಗ ಸ್ವಲ್ಪ ದ್ರಾವಣ ತೆಗೆದು, ಜೀವಕೋಶಗಳ ಪೊರೆ ಸಡಿಲಿಸಿ, ಓಎನ್‌ಪಿಜಿ ಎಂಬ ಬಣ್ಣವಿಲ್ಲದ ರಾಸಾಯನಿಕ ಬೆರೆಸಿದರೆ ಬೀಟಾ-ಗ್ಯಾಲಕ್ಟೊಸೈಡೇಸ್ ಅದನ್ನು ಒಡೆದು ಹಳದಿ ಮಾಡುತ್ತದೆ. ಗ್ಲುಕೋಸ್ ಮತ್ತು ಲ್ಯಾಕ್ಟೋಸ್ ಇರುವ ಮಾಮೂಲಿ ಫ್ಲಾಸ್ಕಿನಲ್ಲಿ ಮೊದಲ ಏರಿಕೆಯ ಉದ್ದಕ್ಕೂ ಹಳದಿ ಕಾಣುವುದೇ ಅಪರೂಪ. ಅದಕ್ಕೇ ಐಪಿಟಿಜಿ ಸೇರಿಸಿದರೆ, ಗ್ಲುಕೋಸ್ ಇನ್ನೂ ತುಂಬಿರುವಾಗಲೇ, ಹಳದಿ ಎದ್ದು ಕಾಣುತ್ತದೆ. ಕ್ಯಾಪಿನ ಕೊರತೆಯೇ ಮುಖ್ಯ ಕಾರಣವಾಗಿದ್ದರೆ ಹೀಗಾಗಬಾರದಿತ್ತು.

1996ರಲ್ಲಿ ಜಪಾನಿನ ಇನಾಡ, ಕಿಮಾಟ ಮತ್ತು ಐಬ ಇದನ್ನು ಇನ್ನೂ ಬಿಗಿಯಾಗಿ ಪರೀಕ್ಷಿಸಿದರು. ಅವರ ಅಳತೆಯಲ್ಲಿ ಗ್ಲುಕೋಸ್ ತಿಂದು ಬೆಳೆಯುವಾಗಲೂ ಲ್ಯಾಕ್ಟೋಸ್ ತಿಂದು ಬೆಳೆಯುವಾಗಲೂ ಸೈಕ್ಲಿಕ್ ಎಎಂಪಿ ಮಟ್ಟ ಹೆಚ್ಚುಕಡಿಮೆ ಒಂದೇ. ಹಾಗಾದರೆ ಒಪೆರಾನ್ ಮೊದಲ ಘಟ್ಟದಲ್ಲಿ ಮಲಗಿ ಎರಡನೆಯದರಲ್ಲಿ ಎದ್ದಿರುವುದಕ್ಕೆ ಸೈಕ್ಲಿಕ್ ಎಎಂಪಿಯ ಏರಿಳಿತ ಕಾರಣವಾಗಲಾರದು. ಅದು ನಿಜಕ್ಕೂ ಏರುವುದು ನಡುವಿನ ಆ ಅರ್ಧ ಗಂಟೆಯಲ್ಲಿ, ತಾತ್ಕಾಲಿಕವಾಗಿ. ಹೊರಗಿನಿಂದ ಸೈಕ್ಲಿಕ್ ಎಎಂಪಿ ಸೇರಿಸಿದಾಗ ನಿಲುಗಡೆ ಮಾಯವಾಯಿತು, ಆದರೆ ಗ್ಲುಕೋಸ್ ಇರುವಷ್ಟು ಹೊತ್ತು ಒಪೆರಾನ್ ಅಡಗಿಯೇ ಇತ್ತು. ತಡೆಗಾರದ ಜೀನನ್ನೇ ಕೆಡಿಸಿದಾಗ ಮಾತ್ರ ಗ್ಲುಕೋಸಿನ ಆ ದಬ್ಬಾಳಿಕೆ ಮುಗಿಯಿತು.

ಇದರಿಂದ ಕ್ಯಾಪ್ ಮೂಲೆಗುಂಪಾಯಿತೆಂದು ತಿಳಿಯಬೇಕಿಲ್ಲ. ಅದಿಲ್ಲದೆ ಲ್ಯಾಕ್ಟೋಸಿನ ಮೇಲೆ ಬದುಕೇ ಇಲ್ಲ ಎಂಬುದನ್ನು ನೋಡಿದೆವು. ಆದರೆ ಎರಡು ಸಕ್ಕರೆಗಳ ನಡುವೆ ಆರಿಸುವ ಕೆಲಸ ಅದರದ್ದಲ್ಲ. ಅದು ಹಸಿವಿನ ಹೊತ್ತಿನ ಕೆಲಸಗಾರ. ಗ್ಲುಕೋಸ್ ಬರಿದಾದ ನಿಮಿಷಗಳಲ್ಲಿ ಇಐಐಎಯ ಕೈಯಲ್ಲಿ ಫಾಸ್ಫೇಟ್ ಉಳಿಯುತ್ತದೆ, ಬಾಗಿಲ ಬೀಗ ಕಳಚುತ್ತದೆ, ಜೊತೆಗೇ ಸೈಕ್ಲಿಕ್ ಎಎಂಪಿ ಏರುತ್ತದೆ. ಬೆರಳೆಣಿಕೆಯ ಪರ್ಮಿಯೇಸುಗಳ ಮೂಲಕ ಲ್ಯಾಕ್ಟೋಸ್ ಹನಿಯುತ್ತದೆ, ಬೆರಳೆಣಿಕೆಯ ಕಿಣ್ವಗಳು ಅಲ್ಲೊಲ್ಯಾಕ್ಟೋಸ್ ಮಾಡುತ್ತವೆ, ತಡೆಗಾರ ಬಿಟ್ಟ ಜಾಗಕ್ಕೆ ಪಾಲಿಮರೇಸನ್ನು ಕ್ಯಾಪ್ ಎಳೆತರುತ್ತದೆ. ಹೊಸ ಬಾಗಿಲುಗಳು ಹೆಚ್ಚಿದಂತೆ ಲ್ಯಾಕ್ಟೋಸ್ ಹೆಚ್ಚುತ್ತದೆ, ಅದು ಇನ್ನಷ್ಟು ಬಾಗಿಲು ಮಾಡಿಸುತ್ತದೆ. ಮಬ್ಬಿನ ರೇಖೆ ಇನ್ನೂ ಅಡ್ಡಲಾಗಿರುವಾಗಲೇ ಹಳದಿ ಏರಲು ಶುರುವಾಗಿರುತ್ತದೆ.

ಈಗ ಆಟವನ್ನು ತಿರುಗಿಸಿ. ಲ್ಯಾಕ್ಟೋಸಿನ ಮೇಲೆ ಹುಲುಸಾಗಿ ಬೆಳೆಯುತ್ತಿರುವ ಜೀವಕೋಶಗಳಿಗೆ ಮತ್ತೆ ಗ್ಲುಕೋಸ್ ಸುರಿಯಿರಿ. ಇಐಐಎ ಬರಿಗೈಯಾಗುತ್ತದೆ, ಪರ್ಮಿಯೇಸುಗಳಿಗೆ ಬೀಗ ಬೀಳುತ್ತದೆ, ಸೈಕ್ಲಿಕ್ ಎಎಂಪಿ ಸ್ವಲ್ಪ ಹೊತ್ತು ಕುಸಿಯುತ್ತದೆ, ತಡೆಗಾರ ತನ್ನ ಜಾಗಕ್ಕೆ ಮರಳುತ್ತದೆ. ಆದರೆ ಆಗಲೇ ತಯಾರಾಗಿರುವ ಕಿಣ್ವಗಳನ್ನು ಜೀವಕೋಶ ಒಡೆದು ಹಾಕುವುದಿಲ್ಲ. ಅವು ಪ್ರತಿ ವಿಭಜನೆಯಲ್ಲೂ ಎರಡು ಮರಿ ಕೋಶಗಳ ನಡುವೆ ಹಂಚಿಹೋಗುತ್ತವೆ ಅಷ್ಟೇ. ಹತ್ತು ವಿಭಜನೆಗಳಾದರೆ ಒಂದೊಂದರ ಪಾಲಿಗೆ ಸಾವಿರದ ಒಂದು ಭಾಗ ಉಳಿಯುತ್ತದೆ. ಎರಡು ಮೂರು ವಿಭಜನೆಗಳೊಳಗೆ ಗ್ಲುಕೋಸ್ ಮುಗಿದರೆ ಆ ಮರಿಗಳು ಅಜ್ಜಿಯ ಬಾಗಿಲುಗಳನ್ನೇ ತೆರೆದು ಹೆಚ್ಚು ತಡವಿಲ್ಲದೆ ಲ್ಯಾಕ್ಟೋಸ್ ತಿನ್ನತೊಡಗುತ್ತವೆ. ಹತ್ತು ದಾಟಿದಮೇಲೆ ಮುಗಿದರೆ, ಮತ್ತೆ ಅದೇ ಅರ್ಧ ಗಂಟೆ.