ಜಾಕೆಟ್ಟಿನೊಳಗೆ ಗಾಳಿ ನುಗ್ಗುವ ದಾರಿಗಳು

ಜನವರಿಯ ಮುಂಜಾವಿನಲ್ಲಿ ಬೆಂಗಳೂರಿನ ತಾಪಮಾನ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಆ ಹೊತ್ತಿಗೆ ಲಾಲ್‌ಬಾಗಿನಲ್ಲಿ ಬಿರುಸಾಗಿ ನಡೆಯುವವರಿಗೆ ತೆಳು ಸ್ವೆಟರ್ ಒಂದಿದ್ದರೆ ಸಾಕು. ಅದೇ ಸ್ವೆಟರ್ ತೊಟ್ಟು ಯಲಹಂಕದಿಂದ ಹೊರಟು ಹೆಬ್ಬಾಳದ ಮೇಲ್ಸೇತುವೆಯನ್ನು ಸ್ಕೂಟರಿನಲ್ಲಿ ದಾಟುವವರು ಮಾತ್ರ ನಡುಗುತ್ತಾರೆ. ಇಬ್ಬರ ಸುತ್ತಲಿನ ಗಾಳಿಯ ತಾಪಮಾನ ಒಂದೇ, ತೊಟ್ಟ ಬಟ್ಟೆಯೂ ಒಂದೇ. ವ್ಯತ್ಯಾಸವಿರುವುದು ಬಟ್ಟೆಯೊಳಗಿನ ಗಾಳಿ ನಿಂತಿದೆಯೋ ಹರಿಯುತ್ತಿದೆಯೋ ಎಂಬುದರಲ್ಲಿ. ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಉಣ್ಣೆಯಾಗಲಿ ಹತ್ತಿಯಾಗಲಿ ಮೈಯನ್ನು ಬೆಚ್ಚಗಿಡುವುದು ಬಹುಮಟ್ಟಿಗೆ ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದಲೇ. ಆ ಗಾಳಿಯನ್ನು ಹೊರಗಿನ ತಣ್ಣನೆಯ ಗಾಳಿ ಬಂದು ತಳ್ಳಿಬಿಟ್ಟರೆ ಬಟ್ಟೆಯ ದಪ್ಪದಿಂದ ಹೆಚ್ಚಿನ ಪ್ರಯೋಜನವಿಲ್ಲ.

ಆದ್ದರಿಂದ ಬಾಂಬರ್, ಡೆನಿಮ್, ವಾರ್ಸಿಟಿ, ಬೈಕರ್ ಮತ್ತು ಬ್ಲೇಜರ್ ಎಂಬ ಐದು ಬಗೆಯ ಜಾಕೆಟ್‌ಗಳನ್ನು ಹೋಲಿಸುವುದಕ್ಕೆ ನಾನು ಇಲ್ಲಿ ಒಂದೇ ಅಳತೆಯನ್ನು ಹಿಡಿಯುತ್ತೇನೆ: ಗಂಟೆಗೆ 40 ಕಿಲೋಮೀಟರ್ ವೇಗದ ಸ್ಕೂಟರ್ ಸವಾರನ ಮೈಮೇಲೆ ಇವುಗಳಲ್ಲಿ ಪ್ರತಿಯೊಂದೂ ಗಾಳಿಯನ್ನು ಹೇಗೆ ಎದುರಿಸುತ್ತದೆ? ಕತ್ತರಿಸಿದ ಆಕಾರ, ಅಂಚಿನ ಪಟ್ಟಿ, ಝಿಪ್ಪು, ಗುಂಡಿ ಎಲ್ಲಕ್ಕೂ ಈ ಪ್ರಶ್ನೆಯ ಮುಂದೆ ಒಂದು ಅರ್ಥ ಬರುತ್ತದೆ.

ಮೊದಲು ಗಾಳಿಯ ಒತ್ತಡದ ಲೆಕ್ಕ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಸಮುದ್ರ ಮಟ್ಟದಿಂದ 900 ಮೀಟರಿಗಿಂತ ತುಸು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.1 ಕಿಲೋಗ್ರಾಮಿನಷ್ಟು. ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಎದೆಯ ಮೇಲೆ ಬೀಳುವ ಒತ್ತಡ ಸುಮಾರು 66 ಪ್ಯಾಸ್ಕಲ್ ಎಂದು ಸಿಗುತ್ತದೆ. ಕಾಲು ಚದರ ಮೀಟರ್ ಅಗಲದ ಎದೆಯ ಮೇಲೆ ಅದು ಒಂದೂವರೆ ಕಿಲೋಗಿಂತ ಹೆಚ್ಚು ಭಾರದಷ್ಟಾಯಿತು. ವೇಗ ಅರ್ಧಕ್ಕಿಳಿದರೆ ಒತ್ತಡ ಕಾಲು ಭಾಗಕ್ಕಿಳಿಯುತ್ತದೆ. ವಾಹನ ದಟ್ಟಣೆಯಲ್ಲಿ ತೆವಳುವಾಗ ಚಳಿ ಮರೆತೇಹೋಗುವುದು ಇದರಿಂದಲೇ. ಬಟ್ಟೆಯೊಳಗೆ ಎಷ್ಟು ಗಾಳಿ ತೂರುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಪರೀಕ್ಷಿಸುವಾಗ ಉಡುಪಿನ ಬಟ್ಟೆಗೆ ಸಾಮಾನ್ಯವಾಗಿ 100 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಕೊಡುತ್ತಾರೆ. ನಮ್ಮ ಊರಿನ ಗಾಳಿಯಲ್ಲಿ ಅದು ಗಂಟೆಗೆ 50 ಕಿಲೋಮೀಟರಿಗೆ ಹತ್ತಿರದ ವೇಗ. ಅಂದರೆ ಆ ಯಂತ್ರದ ಪರೀಕ್ಷೆ ನಮ್ಮ ದಿನನಿತ್ಯದ ಸವಾರಿಗಿಂತ ಬಹಳ ದೂರದ್ದೇನಲ್ಲ.

ಈ ಒತ್ತಡ ಬಟ್ಟೆಯ ನೇಯ್ಗೆಯ ಸಂದುಗಳಲ್ಲಿ ಮಾತ್ರ ನುಗ್ಗುವುದಿಲ್ಲ. ಸವಾರನ ಭಂಗಿಯನ್ನು ಒಮ್ಮೆ ಗಮನಿಸಿ. ಎರಡೂ ಕೈಗಳು ಹ್ಯಾಂಡಲ್ ಕಡೆಗೆ ಚಾಚಿರುವುದರಿಂದ ತೋಳಿನ ಬಾಯಿಗಳು ನೇರವಾಗಿ ಗಾಳಿಗೆ ಮುಖ ಮಾಡಿರುತ್ತವೆ. ಕುತ್ತಿಗೆಯ ಸಂದು ಮತ್ತು ಮುಂಭಾಗದ ಸೀಳು ಕೂಡ ಅದೇ ದಿಕ್ಕಿಗಿವೆ. ಬೆನ್ನಿನ ಹಿಂದೆ ಮಾತ್ರ ಒತ್ತಡ ಕಡಿಮೆ. ಹೀಗಾಗಿ ಮುಂಗೈ, ಕುತ್ತಿಗೆ, ಎದೆಯ ಸೀಳುಗಳಿಂದ ಒಳಬಂದ ಗಾಳಿ ಮೈಯ ಶಾಖವನ್ನು ಹೊತ್ತು ಹಿಂಭಾಗದ ಕೆಳ ಅಂಚಿನಿಂದ ಹೊರಹೋಗುತ್ತದೆ. ಕೆಳ ಅಂಚು ಬಿಗಿಯಾಗಿದ್ದು ಮುಂಗೈ ಸಡಿಲವಾಗಿದ್ದರೆ ಗಾಳಿ ಒಳಗೇ ತುಂಬಿ ಬೆನ್ನು ಉಬ್ಬುತ್ತದೆ. ಮುಂದೆ ಹೋಗುವ ಸ್ಕೂಟರ್ ಸವಾರರ ಬೆನ್ನನ್ನು ನೋಡಿಯೇ ಅವರ ಜಾಕೆಟ್ಟಿನ ಯಾವ ಬಾಯಿ ಸೋರುತ್ತಿದೆ ಎಂದು ಹೇಳಬಹುದು.

ಈ ಬಾಯಿಗಳನ್ನು ಮುಚ್ಚುವ ಉಪಾಯ ಅತ್ಯಂತ ಸ್ಪಷ್ಟವಾಗಿ ಕಾಣುವುದು ಬಾಂಬರ್‌ನಲ್ಲಿ. ಅಮೆರಿಕದ ಸೇನಾ ವೈಮಾನಿಕರು 1930ರ ದಶಕದಲ್ಲಿ ತೊಡುತ್ತಿದ್ದುದು ಎ-2 ಎಂಬ ಚರ್ಮದ ಜಾಕೆಟ್. ಜೆಟ್ ವಿಮಾನಗಳು ಬಂದಾಗ ಕಾಕ್‌ಪಿಟ್ ಇಕ್ಕಟ್ಟಾಯಿತು, ಹಾರುವ ಎತ್ತರ ಹೆಚ್ಚಿತು, ಒದ್ದೆಯಾದ ಚರ್ಮ ಎತ್ತರದ ಚಳಿಯಲ್ಲಿ ಹೆಪ್ಪುಗಟ್ಟಿ ಸೆಟೆದುಕೊಳ್ಳುವ ತೊಂದರೆಯೂ ಇತ್ತು. ಚರ್ಮದ ಜಾಗಕ್ಕೆ ನೈಲಾನ್ ಬಂತು. ಇಂದು ಅಂಗಡಿಗಳಲ್ಲಿ ಬಾಂಬರ್ ಎಂದು ಮಾರುವ ಬಹುತೇಕ ಜಾಕೆಟ್‌ಗಳು 1950ರ ದಶಕದಲ್ಲಿ ರೂಪುಗೊಂಡ ಎಂಎ-1 ಎಂಬ ಮಾದರಿಯ ಸಂತತಿ. ಅದರಲ್ಲಿ ಹಿಂದಿನ ಮಾದರಿಯ ತುಪ್ಪಳದ ಕಾಲರ್ ಹೋಗಿ ಹೆಣೆದ ರಿಬ್ ಪಟ್ಟಿ ಬಂತು, ಏಕೆಂದರೆ ತುಪ್ಪಳದ ಕಾಲರ್ ಪ್ಯಾರಾಶೂಟಿನ ಪಟ್ಟಿಗಳಿಗೆ ಅಡ್ಡಿಯಾಗುತ್ತಿತ್ತು. ಕುತ್ತಿಗೆ, ಎರಡು ಮುಂಗೈ, ಸೊಂಟ ಈ ನಾಲ್ಕೂ ಕಡೆ ರಿಬ್ ಇದೆ. ಝಿಪ್ಪಿನ ಹಿಂದೆ ಉದ್ದಕ್ಕೂ ಒಂದು ಬಟ್ಟೆಯ ಪಟ್ಟಿ ಇದೆ, ಏಕೆಂದರೆ ಝಿಪ್ಪಿನ ಹಲ್ಲುಗಳ ನಡುವೆಯೂ ಗಾಳಿ ತೂರುತ್ತದೆ. ಒತ್ತಾಗಿ ನೇಯ್ದ ನೈಲಾನ್ ಹೊರಗಿನ ಗಾಳಿಯನ್ನು ತಡೆದರೆ ಒಳಗಿನ ತುಂಬು ಪದರ ನಿಂತ ಗಾಳಿಯನ್ನು ಹಿಡಿದಿಡುತ್ತದೆ. ಕಿತ್ತಳೆ ಬಣ್ಣದ ಒಳಪದರಕ್ಕೂ ಕಾರಣವಿತ್ತು: ವಿಮಾನ ಬಿದ್ದಾಗ ಪೈಲಟ್ ಜಾಕೆಟ್ಟನ್ನು ಒಳಹೊರಗು ಮಾಡಿ ತೊಟ್ಟರೆ ಹುಡುಕುವವರ ಕಣ್ಣಿಗೆ ಬೀಳುತ್ತಾನೆ.

ಬಾಂಬರ್‌ನ ಜೀವ ಇರುವುದು ರಿಬ್ಬಿನಲ್ಲಿ. ರಿಬ್ ಪಟ್ಟಿಯನ್ನು ಅದು ಸೇರಬೇಕಾದ ಅಂಚಿಗಿಂತ ಚಿಕ್ಕದಾಗಿ ಕತ್ತರಿಸಿ, ಎಳೆಯುತ್ತಾ ಹೊಲಿಯುತ್ತಾರೆ. ಹೊಲಿದಾದ ಮೇಲೆ ಅದು ಹಿಂದಕ್ಕೆ ಕುಗ್ಗಿ ಮೈಗೆ ಅಪ್ಪಿಕೊಳ್ಳುತ್ತದೆ. ಅಗ್ಗದ ರಿಬ್ ಕೆಲವು ತಿಂಗಳಲ್ಲಿ ಹಿಗ್ಗಿ ಅಲೆಅಲೆಯಾಗುತ್ತದೆ. ಅಂಗಡಿಯಲ್ಲೇ ಇದನ್ನು ಪರೀಕ್ಷಿಸಬಹುದು. ಮುಂಗೈ ಪಟ್ಟಿಯನ್ನು ಒಂದೂವರೆ ಪಟ್ಟು ಹಿಗ್ಗಿಸಿ, ಹತ್ತು ಎಣಿಸಿ ಬಿಡಿ. ಅದು ತಕ್ಷಣ ಮೊದಲಿನ ಅಗಲಕ್ಕೆ ಬಂದರೆ ಒಳ್ಳೆಯದು, ಸೋತಂತೆ ನಿಧಾನವಾಗಿ ಬಂದರೆ ಆ ಜಾಕೆಟ್ಟಿನ ಬಾಯಿ ಬೇಗನೆ ತೆರೆದುಕೊಳ್ಳಲಿದೆ ಎಂದು ತಿಳಿಯಬೇಕು.

ವಾರ್ಸಿಟಿ ಜಾಕೆಟ್ಟಿನಲ್ಲೂ ಇದೇ ರಿಬ್ ಇದೆ, ಆದರೆ ಮುಂಭಾಗದಲ್ಲಿ ಝಿಪ್ಪಿನ ಬದಲು ಟಿಚ್ ಬಟನ್ ಇರುತ್ತದೆ. 1865ರಲ್ಲಿ ಹಾರ್ವರ್ಡ್‌ನ ಬೇಸ್‌ಬಾಲ್ ಆಟಗಾರರು ಉಡುಪಿನ ಮೇಲೆ ತಮ್ಮ ವಿಶ್ವವಿದ್ಯಾಲಯದ ಮೊದಲಕ್ಷರವನ್ನು ಹೊಲಿಸಿಕೊಂಡದ್ದರಿಂದ ಶುರುವಾದ ಪರಂಪರೆ ಇದು. ಮೂಲ ಮಾದರಿಯ ಮೈಭಾಗ ಮೆಲ್ಟನ್ ಎಂಬ ಉಣ್ಣೆಯದು. ನೇಯ್ದ ಉಣ್ಣೆಯನ್ನು ಒದ್ದೆ ಮಾಡಿ, ತಿಕ್ಕಿ, ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ನೇಯ್ಗೆಯೇ ಕಾಣದಷ್ಟು ಒತ್ತಾಗಿಸಿದಾಗ ಮೆಲ್ಟನ್ ಆಗುತ್ತದೆ. ಸಂದುಗಳು ಮುಚ್ಚಿರುವುದರಿಂದ ಅದು ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ. ಬೆಂಗಳೂರಿನ ಕಾಲೇಜುಗಳ ಎದುರು ಕಾಣುವ ವಾರ್ಸಿಟಿ ಹೆಚ್ಚಾಗಿ ಹೂಡಿಯ ಹೆಣಿಗೆ ಬಟ್ಟೆ ಮತ್ತು ರೆಕ್ಸಿನ್ ತೋಳುಗಳದು. ಹೆಣಿಗೆಯ ಕುಣಿಕೆಗಳ ನಡುವಿನ ಸಂದು ದೊಡ್ಡದು, ಆದ್ದರಿಂದ ಅದರಲ್ಲಿ ತೋಳು ಬೆಚ್ಚಗಿದ್ದು ಎದೆ ತಣ್ಣಗಾಗುತ್ತದೆ. ನಡೆಯುವವರಿಗೆ ಅದು ಸಾಕು, ಸವಾರರಿಗೆ ಸಾಲದು.

ಡೆನಿಮ್ ಜಾಕೆಟ್ ಹುಟ್ಟಿದ್ದು ಕೆಲಸಗಾರರ ಉಡುಪಾಗಿ. ನೀಲಿ ಬಣ್ಣ ಹಾಕಿದ ಹಾಸು ನೂಲು, ಬಿಳಿಯ ಹೊಕ್ಕು ನೂಲು, ಓರೆ ಗೆರೆಗಳ ಟ್ವಿಲ್ ನೇಯ್ಗೆ. ದಪ್ಪನೆಯ ಡೆನಿಮ್ ಆದರೆ ಗಾಳಿ ಅಷ್ಟು ಸುಲಭವಾಗಿ ತೂರುವುದಿಲ್ಲ. ಇಂದು ಎಲ್ಲೆಡೆ ಕಾಣುವ ರೂಪ ಲೀವೈಸ್ ಕಂಪನಿ 1962ರ ಸುಮಾರಿಗೆ ತಂದದ್ದು. ಎದೆಯ ಜೇಬುಗಳಿಂದ ಸೊಂಟದ ಕಡೆಗೆ ಓರೆಯಾಗಿ ಇಳಿಯುವ ಎರಡು ಹೊಲಿಗೆಗಳು ಅದರ ಗುರುತು. ಆ ಹೊಲಿಗೆಗಳು ಹಿಗ್ಗದ ದಪ್ಪ ಬಟ್ಟೆಯನ್ನು ಅಗಲವಾದ ಎದೆಯಿಂದ ಸಣ್ಣ ಸೊಂಟಕ್ಕೆ ಇಳಿಸುತ್ತವೆ. ಇದರ ದುರ್ಬಲ ಜಾಗ ಗುಂಡಿಗಳ ನಡುವಿನ ಸಂದುಗಳು. ಕುಳಿತಾಗ ಮುಂಭಾಗ ಮಡಚಿಕೊಂಡು ಪ್ರತಿ ಎರಡು ಗುಂಡಿಗಳ ನಡುವೆ ಬಾಯಿ ತೆರೆಯುತ್ತದೆ. ಇನ್ನೊಂದು ತೊಂದರೆ ನೀರಿನದು. ನೀರು ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ದಾಟಿಸುತ್ತದೆ, ಹತ್ತಿ ಒದ್ದೆಯಾದರೆ ಬೇಗ ಒಣಗುವುದೂ ಇಲ್ಲ. ತುಂತುರು ಮಳೆಯಲ್ಲಿ ತೋಯ್ದ ಡೆನಿಮ್ ತೊಟ್ಟು ಹೋಗುವುದಕ್ಕಿಂತ ಅದನ್ನು ತೆಗೆದು ಚೀಲಕ್ಕೆ ಹಾಕಿ ಮಳೆಯಂಗಿ ತೊಡುವುದು ಮೇಲು.

ಸವಾರನನ್ನೇ ಮನಸ್ಸಿನಲ್ಲಿಟ್ಟು ಕತ್ತರಿಸಿದ್ದು ಬೈಕರ್ ಜಾಕೆಟ್. ನ್ಯೂಯಾರ್ಕಿನ ಇರ್ವಿಂಗ್ ಶಾಟ್ 1928ರಲ್ಲಿ ಇದನ್ನು ರೂಪಿಸಿ, ತಾನು ಇಷ್ಟಪಡುತ್ತಿದ್ದ ಸಿಗಾರಿನ ಹೆಸರಾದ ಪರ್ಫೆಕ್ಟೊ ಎಂಬುದನ್ನೇ ಇಟ್ಟರು. ಇದರ ಝಿಪ್ಪು ನಡುವಿನಲ್ಲಿಲ್ಲ, ಓರೆಯಾಗಿ ಒಂದು ಪಕ್ಕಕ್ಕಿದೆ. ಹೀಗಾಗಿ ಎದೆಯ ನಡುವೆ ಎರಡು ಪದರ ಚರ್ಮ ಒಂದರ ಮೇಲೊಂದು ಬೀಳುತ್ತದೆ, ಗಾಳಿ ನೇರವಾಗಿ ಹೊಡೆಯುವ ಜಾಗದಲ್ಲಿ ಸೀಳೇ ಇರುವುದಿಲ್ಲ. ಮುಂದಕ್ಕೆ ಬಾಗಿದಾಗ ಝಿಪ್ಪು ಹೊಟ್ಟೆಗೆ ಚುಚ್ಚುವುದೂ ಇಲ್ಲ. ತೋಳಿನ ತುದಿಯಲ್ಲಿ ಇನ್ನೊಂದು ಝಿಪ್ಪು: ತೆರೆದು ಕೈ ತೂರಿಸಿ ಮುಚ್ಚಿದರೆ ಗಾಳಿಗೆ ಮುಖ ಮಾಡಿದ ಆ ಬಾಯಿ ಕಿರಿದಾಗುತ್ತದೆ. ಅಗಲವಾದ ಕಾಲರ್ ಮಡಿಕೆಗಳಿಗೆ ಟಿಚ್ ಬಟನ್ ಹಾಕಿರುವುದು ವೇಗದಲ್ಲಿ ಅವು ಪಟಪಟ ಬಡಿಯದಿರಲೆಂದು. ಬೆನ್ನಿನ ಎರಡು ಬದಿಗಳಲ್ಲಿ ತೋಳಿನ ಹಿಂದೆ ನಿರಿಗೆ ಇರುತ್ತದೆ. ಕೈ ಮುಂದೆ ಚಾಚಿದಾಗ ಅದು ಬಿಚ್ಚಿಕೊಂಡು ಬೆನ್ನಿಗೆ ಜಾಗ ಕೊಡುತ್ತದೆ.

ಮಾಲುಗಳಲ್ಲಿ ಬೈಕರ್ ಎಂಬ ಹೆಸರಿನಲ್ಲಿ ಸಿಗುವ ಎಷ್ಟೋ ಜಾಕೆಟ್‌ಗಳಲ್ಲಿ ಈ ನಿರಿಗೆ ಇಲ್ಲ, ತೋಳಿನ ಝಿಪ್ಪು ತೆರೆಯುವುದೇ ಇಲ್ಲ, ಚರ್ಮದ ಜಾಗದಲ್ಲಿ ರೆಕ್ಸಿನ್ ಇರುತ್ತದೆ. ಬಟ್ಟೆಯ ಮೇಲೆ ಪಾಲಿಯುರಿಥೇನ್ ಪದರ ಬಳಿದ ಇಂಥ ರೆಕ್ಸಿನ್ ಗಾಳಿಯನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಮಳೆಗಾಲದ ತೇವ ಮುಚ್ಚಿದ ಬೀರುವಿನೊಳಗೆ ಆ ಪದರದ ರಾಸಾಯನಿಕ ಬಂಧಗಳನ್ನು ನಿಧಾನವಾಗಿ ಕಡಿಯುತ್ತದೆ, ತೊಡದೆ ಇಟ್ಟರೂ ಕೆಲವು ವರ್ಷಗಳಲ್ಲಿ ಅದು ಹೊಪ್ಪಳೆಯಾಗಿ ಉದುರುತ್ತದೆ. ಕತ್ತರಿಸಿದ ಅಂಚನ್ನು ಒಳಗಿನಿಂದ ನೋಡಿದರೆ ಗುರುತು ಸಿಗುತ್ತದೆ: ಚರ್ಮವಾದರೆ ಗೋಜಲಾದ ನಾರು, ರೆಕ್ಸಿನ್ ಆದರೆ ಬಟ್ಟೆಯ ನೇಯ್ಗೆ ಅಥವಾ ಹೆಣಿಗೆ. ಮೊಣಕೈ ಮತ್ತು ಭುಜದಲ್ಲಿ ರಕ್ಷಣಾ ಪ್ಯಾಡ್ ಇಲ್ಲದ ತೆಳು ಚರ್ಮ ಬಿದ್ದಾಗ ಮೈಯನ್ನು ಕಾಯುತ್ತದೆ ಎಂದು ಮಾತ್ರ ನಂಬಬಾರದು.

ಬ್ಲೇಜರ್ ಗಾಳಿಗೆ ಎಲ್ಲ ಬಾಗಿಲುಗಳನ್ನೂ ತೆರೆದಿಡುತ್ತದೆ. ಎದೆಯ ಮೇಲೆ ಆಳವಾದ ತೆರವು, ಸಡಿಲವಾದ ತೋಳಿನ ಬಾಯಿ, ಬೆನ್ನಿನ ಕೆಳಗೆ ವೆಂಟ್ ಎನ್ನುವ ಸೀಳು. ಕುದುರೆಯ ಮೇಲೆ ಕೂತಾಗ ಕೋಟಿನ ಅಂಚು ಇಬ್ಬದಿಗೆ ಇಳಿಬೀಳಲೆಂದು ಬಂದ ಆ ಸೀಳು, ಸ್ಕೂಟರಿನ ಮೇಲೆ ಬಿಸಿ ಗಾಳಿಗೆ ಹೊರದಾರಿಯಾಗುತ್ತದೆ. ಎದೆಯ ಭಾಗದಲ್ಲಿ ಬಟ್ಟೆಗೂ ಅಸ್ತರಿಗೂ ನಡುವೆ ಕ್ಯಾನ್ವಾಸ್ ಅಥವಾ ಅಂಟಿಸಿದ ಫ್ಯೂಸಿಂಗ್ ಇರುವುದರಿಂದ ಆ ಭಾಗವಷ್ಟೇ ಗಾಳಿಯನ್ನು ತಡೆಯುತ್ತದೆ. ಕಾಲರಿನ ಕೆಳಗೆ ಎದೆಯ ಮೇಲೆ ಮಡಚಿದ ಎಡ ಲ್ಯಾಪೆಲ್‌ನಲ್ಲಿರುವ ಒಂಟಿ ಕಾಜವನ್ನು ಎಲ್ಲರೂ ಅಲಂಕಾರವೆಂದೇ ಭಾವಿಸುತ್ತಾರೆ. ಕಾಲರನ್ನು ಎತ್ತಿ ಕುತ್ತಿಗೆಯವರೆಗೂ ಮುಚ್ಚುತ್ತಿದ್ದ ಕೋಟಿನ ಮೇಲಿನ ಗುಂಡಿಗಾಗಿ ಇದ್ದ ಕಾಜ ಅದು. ಕಚೇರಿಗೆ ಬ್ಲೇಜರ್ ಬೇಕೇಬೇಕೆನ್ನುವ ಸವಾರರು ಅದನ್ನು ಮಡಚಿ ಒಯ್ದು, ದಾರಿಯಲ್ಲಿ ಸಾದಾ ನೈಲಾನ್ ವಿಂಡ್‌ಚೀಟರ್ ತೊಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಲ್ಲಿ ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಇದಾವುದೂ ತಿಳಿಯುವುದಿಲ್ಲ. ಸ್ಟೂಲಿನ ಮೇಲೆ ಕುಳಿತು, ಹ್ಯಾಂಡಲ್ ಹಿಡಿದಂತೆ ಕೈ ಚಾಚಬೇಕು. ಆಗ ಮುಂಗೈ ಮೂಳೆ ಹೊರಗೆ ಕಂಡರೆ ತೋಳು ಚಿಕ್ಕದು. ಬೆನ್ನಿನ ಅಂಚು ಮೇಲೇರಿ ಅಂಗಿ ಕಂಡರೆ ಸೊಂಟದಲ್ಲಿ ಗಾಳಿಗೆ ದಾರಿಯಿದೆ. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ, ಆಚೆ ಬದಿಯಲ್ಲಿ ಒದ್ದೆ ಮಾಡಿದ ಬೆರಳಿಟ್ಟರೆ ನೇಯ್ಗೆ ಎಷ್ಟು ಸೋರುತ್ತದೆಂದೂ ತಿಳಿಯುತ್ತದೆ. ಸಡಿಲಾದ ರಿಬ್, ಕೆಟ್ಟ ರನ್ನರ್, ಝಿಪ್ಪಿನ ಹಿಂದಿನ ಪಟ್ಟಿ ಇವನ್ನೆಲ್ಲ ಒಳ್ಳೆಯ ಟೈಲರ್ ಬದಲಿಸಿಕೊಡುತ್ತಾರೆ. ಭುಜದ ಅಳತೆ ತಪ್ಪಿದ್ದರೆ ಅದನ್ನು ಸರಿಪಡಿಸುವುದು ಕಷ್ಟ, ಚರ್ಮದಲ್ಲಂತೂ ಹಳೆಯ ಹೊಲಿಗೆಯ ಸೂಜಿ ತೂತುಗಳು ಮುಚ್ಚುವುದೇ ಇಲ್ಲ.