ಪ್ರಶ್ನೆ ಪೆಟ್ಟಿಗೆಯ ಸಂಜೆ: ಎಲ್ಲಿಯವರೆಗೆ ವಾಕ್ಯ, ಎಲ್ಲಿಂದ ನನ್ನ ಮಾತು

ನಮ್ಮ ಕ್ರೈಸ್ತ ಸಭೆಯ ಪ್ರಶ್ನೆ ಪೆಟ್ಟಿಗೆ ಅಂದರೆ ಒಂದು ಹಳೇ ಬಿಸ್ಕೆಟ್ ಡಬ್ಬ. ಮುಚ್ಚಳದಲ್ಲಿ ಒಂದು ಸೀಳು, ಸುತ್ತ ಟೇಪು. ವರ್ಷಕ್ಕೆ ಮೂರು ಭಾನುವಾರ ಸಂಜೆ ಅದರಲ್ಲಿ ಬಿದ್ದ ಚೀಟಿಗಳನ್ನು ಎಲ್ಲರೆದುರು ಓದುತ್ತೇವೆ. ಚೀಟಿಯಲ್ಲಿ ಏನು ಬಂದಿದೆಯೋ ಅದಕ್ಕೆ ಸಭಾಪಾಲಕನಾದ ನಾನು ನಿಂತಲ್ಲೇ ಉತ್ತರ ಹೇಳಬೇಕು.

ಮೊದಲ ಸಲ ಡಬ್ಬವನ್ನು ಕಾಣಿಕೆ ಪೆಟ್ಟಿಗೆ ಪಕ್ಕ ಇಟ್ಟೆವು. ಬಂದದ್ದು ನಾಲ್ಕೇ ಚೀಟಿ. ಎಲ್ಲರೂ ನೋಡುವ ಜಾಗದಲ್ಲಿ ಯಾರು ತಾನೇ ಹಾಕುತ್ತಾರೆ? ಆಮೇಲೆ ಅದನ್ನು ಹೊರಗೆ ಮೆಟ್ಟಿಲ ಹತ್ತಿರ ಇಟ್ಟು, ಎರಡು ವಾರ ಅಲ್ಲೇ ಬಿಟ್ಟೆವು. ಒಂದೇ ಅಳತೆಯ ಕಾಗದ, ಒಂದೇ ಬಗೆಯ ಪೆನ್ಸಿಲ್ ಕೊಟ್ಟೆವು. ಆದರೂ ಅರವತ್ತು ಮನೆಯ ಸಭೆಯಲ್ಲಿ ಯಾರ ಅಕ್ಷರ ಯಾರದೆಂದು ನನಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಈಗ ಪಕ್ಕದ ಊರಿನ ಸಭೆಯ ಹಿರಿಯರೊಬ್ಬರು ಬಂದು ಒಂದು ಗಂಟೆ ಮೊದಲು ಡಬ್ಬ ತೆಗೆಯುತ್ತಾರೆ. ಚೀಟಿಗಳನ್ನು ತಮ್ಮ ಕೈಯಲ್ಲಿ ಬರೆದುಕೊಂಡು, ಮೂಲವನ್ನು ಹರಿದು ಹಾಕುತ್ತಾರೆ. ಓದುವುದೂ ಅವರೇ. ನಾನು ಮೊದಲೇ ನೋಡುವುದಿಲ್ಲ.

ಅವರಿಗೆ ಇನ್ನೊಂದು ಕೆಲಸವಿದೆ. ಕೆಲವು ಚೀಟಿ ಪ್ರಶ್ನೆಯ ವೇಷದಲ್ಲಿ ಬರುವ ಕಲ್ಲು. 'ಹೊರಗೆ ಕುಡಿದು ಭಾನುವಾರ ಮುಂದಿನ ಬೆಂಚಿನಲ್ಲಿ ಕೂರುವವರಿಗೆ ಕರ್ತನ ಭೋಜನ ಕೊಡಬಹುದೇ?' ಇದನ್ನು ಓದಿದರೆ ಸಭೆಯ ಕಣ್ಣೆಲ್ಲ ಒಬ್ಬರ ಮೇಲೆ ಹೋಗುತ್ತದೆ. ಗುರುತಿಸುವುದು ಸುಲಭ: ಪ್ರಶ್ನೆ ಊರಲ್ಲಿ ಒಬ್ಬರಿಗೇ ಸರಿಹೊಂದುವಂತಿದ್ದರೆ ಅದು ಕಲ್ಲು. ಹಿರಿಯರು ಅದನ್ನು 'ಕರ್ತನ ಭೋಜನಕ್ಕೆ ಬರುವವರು ಹೇಗೆ ಸಿದ್ಧವಾಗಬೇಕು?' ಎಂದು ತಿದ್ದುತ್ತಾರೆ, ಇಲ್ಲವೇ ಪಕ್ಕಕ್ಕಿಡುತ್ತಾರೆ. ಸಭಾ ಕಮಿಟಿ, ಸ್ಮಶಾನದ ಜಾಗ, ಲೆಕ್ಕಪತ್ರ ಇವೆಲ್ಲ ಕಮಿಟಿ ಮೀಟಿಂಗಿಗೆ.

ಈ ಕೆಲಸದ ಪಾಠ ನಾನು ಕಲಿತದ್ದು ಪೌಲನಿಂದ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯ ಶುರುವಾಗುವುದೇ, ನೀವು ಬರೆದು ಕೇಳಿದ ವಿಷಯಗಳಿಗೆ ಬರುತ್ತೇನೆ ಎನ್ನುವ ಮಾತಿನಿಂದ. ಅದೂ ಒಂದು ಪ್ರಶ್ನೆ ಪೆಟ್ಟಿಗೆಯೇ ಅಲ್ವಾ? ಆ ಅಧ್ಯಾಯದಲ್ಲಿ ಅವನು ಒಂದು ಎಚ್ಚರ ವಹಿಸುತ್ತಾನೆ. 10ನೇ ವಚನದಲ್ಲಿ ಇದು ನನ್ನದಲ್ಲ, ಕರ್ತನ ಅಪ್ಪಣೆ ಎನ್ನುತ್ತಾನೆ. 12ರಲ್ಲಿ ಇದು ಕರ್ತನದಲ್ಲ, ನಾನು ಹೇಳುತ್ತಿದ್ದೇನೆ ಎನ್ನುತ್ತಾನೆ. 25ರಲ್ಲಿ ಈ ವಿಷಯಕ್ಕೆ ಕರ್ತನ ಅಪ್ಪಣೆ ನನಗಿಲ್ಲ, ನನ್ನ ಅಭಿಪ್ರಾಯ ಕೊಡುತ್ತೇನೆ ಎನ್ನುತ್ತಾನೆ. ಪೌಲನೇ ಹೀಗೆ ಬಿಡಿಸಿ ಹೇಳುವಾಗ ನಾನು ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದರೆ ಹೇಗೆ? ಹಾಗಾಗಿ ಪ್ರತಿ ಉತ್ತರದಲ್ಲೂ ಬಾಯಿಬಿಟ್ಟು ಹೇಳುತ್ತೇನೆ: ಇಷ್ಟು ದೇವರ ವಾಕ್ಯದಲ್ಲಿದೆ, ಇಷ್ಟರಲ್ಲಿ ಸಭೆಗಳು ಒಂದೊಂದು ಥರ ನಡೆದುಕೊಂಡಿವೆ, ಇಷ್ಟು ನನ್ನದು.

ಒಂದು ಸಂಜೆಯ ಉದಾಹರಣೆ ಹೇಳುತ್ತೇನೆ. ಚೀಟಿ ಹೀಗಿತ್ತು: 'ಪಕ್ಕದ ಮನೆಯವರು ಗಣೇಶ ಹಬ್ಬಕ್ಕೆ ಕಡುಬು ತಂದು ಕೊಡುತ್ತಾರೆ. ತಿನ್ನಬಹುದಾ?'

ಇಂಥ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತು ಹೇಳುವ ಆಸೆ ಆಗುತ್ತದೆ. ಆದರೆ ಅದೇ ಪತ್ರದ 8ನೇ ಅಧ್ಯಾಯ ಪೂರ್ತಿ, 10ನೇ ಅಧ್ಯಾಯದ ಹೆಚ್ಚಿನ ಭಾಗ ಇದರ ಬಗ್ಗೆಯೇ ಇದೆ. ಕನ್ನಡ ಬೈಬಲಿನಲ್ಲಿ 'ನೈವೇದ್ಯ' ಎಂಬ ಮಾತೇ ಬರುವುದರಿಂದ ನಮ್ಮ ಜನಕ್ಕೆ ಅದು ಬೇಗ ತಟ್ಟುತ್ತದೆ. ನಾನು ಪೌಲ ಹೇಳುವ ಮೂರು ಸಂದರ್ಭಗಳನ್ನು ಬೇರೆ ಬೇರೆ ಮಾಡಿ ತೋರಿಸಿದೆ. ಅಂಗಡಿಯಲ್ಲಿ ಮಾರುವ ಮಾಂಸವನ್ನು ವಿಚಾರಿಸದೆ ತಿನ್ನಿ. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಿ. ಆದರೆ ಇದು ನೈವೇದ್ಯದ್ದು ಎಂದು ಯಾರಾದರೂ ಹೇಳಿದರೆ, ಹೇಳಿದವನಿಗೋಸ್ಕರ ಬಿಟ್ಟುಬಿಡಿ. ಗುಡಿಯ ಪಂಕ್ತಿಯಲ್ಲಿ ಕೂತು ಉಣ್ಣುವುದು ಬೇರೆಯೇ ವಿಷಯ, ಅದು ಬೇಡ. ಜೊತೆಗೆ ಅಪೊಸ್ತಲರ ಕೃತ್ಯಗಳು 15:29ನ್ನೂ ಓದಿದೆ. ಯೆರೂಸಲೇಮಿನ ಸಭೆ ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಿ ಎಂದು ನೇರವಾಗಿ ಬರೆದಿದೆ. ನಮ್ಮ ಉತ್ತರಕ್ಕೆ ತೊಡಕಾಗುವ ವಚನವನ್ನು ನಾವೇ ಓದಬೇಕು. ಇಲ್ಲದಿದ್ದರೆ ಹಿಂದಿನ ಬೆಂಚಿನಿಂದ ಯಾರಾದರೂ ಓದುತ್ತಾರೆ, ಆಗ ನಾವು ಮುಚ್ಚಿಟ್ಟ ಹಾಗೆ ಕಾಣುತ್ತದೆ.

ಆಮೇಲೆ ನನ್ನ ಅಭಿಪ್ರಾಯ ಹೇಳಿದೆ. ಹಬ್ಬಕ್ಕೆ ಮಾಡಿದ ತಿಂಡಿಯನ್ನು ಪ್ರೀತಿಯಿಂದ ಹಂಚಿದರೆ ತೆಗೆದುಕೊಳ್ಳಬಹುದು, ಪೂಜೆಯ ಪ್ರಸಾದ ಎಂದು ಹೇಳಿ ಕೊಟ್ಟರೆ ಮರ್ಯಾದೆಯಿಂದ ಬೇಡ ಎನ್ನಬಹುದು ಎಂದೆ.

ಪ್ರತಿ ಪ್ರಶ್ನೆಗೆ ಒಂದು ಮರುಪ್ರಶ್ನೆಗೆ ಅವಕಾಶ ಇದೆ. ಅವತ್ತು ಎರಡು ಬಂದವು, ತಡೆಯಲಿಲ್ಲ. ಒಬ್ಬ ಅಜ್ಜಿ ಕೇಳಿದರು, "ಅಯ್ಯನವರೇ, ಬೇಡ ಅಂದ್ರೆ ಅವರಿಗೆ ನೋವಾಗಲ್ವಾ? ನಮ್ಮ ಕ್ರಿಸ್‌ಮಸ್ ಕೇಕು ಅವರು ತಿಂತಾರಲ್ಲ?" ಅಷ್ಟರಲ್ಲಿ ಹೊಸದಾಗಿ ಸಭೆ ಸೇರಿದ ಒಬ್ಬರು ಎದ್ದು ನಿಂತರು. "ನಾನು ಬಿಟ್ಟು ಬಂದದ್ದೇ ಅದನ್ನು. ನೀವು ತಿಂದರೆ ನಾನು ಯಾಕೆ ಬಿಟ್ಟೆ ಅನ್ನಿಸುತ್ತೆ" ಎಂದರು. 8ನೇ ಅಧ್ಯಾಯದ ಕೊನೆಯ ಭಾಗ ಕಣ್ಣೆದುರೇ ನಿಂತಂತಾಯಿತು. ಹಳೆಯ ರೂಢಿಯಿಂದ ಮನಸ್ಸಾಕ್ಷಿ ಕುಗ್ಗಿದವನ ಮುಂದೆ ನಿನ್ನ ಸ್ವಾತಂತ್ರ್ಯ ಅವನಿಗೆ ಅಡ್ಡಿಯಾಗದಿರಲಿ ಎಂದು ಪೌಲ ಬರೆದದ್ದು ಇಂಥವರಿಗಾಗಿಯೇ. ನಾನು ನನ್ನ ಉತ್ತರವನ್ನು ಅಲ್ಲೇ ತಿದ್ದಿದೆ: ಇವರು ಜೊತೆಯಲ್ಲಿದ್ದಾಗ ನಾನೂ ತಿನ್ನುವುದಿಲ್ಲ. ನೇರ ಉತ್ತರದ ಲಾಭ ಇದೇ. ಮನೆಯಲ್ಲಿ ಕೂತು ಬರೆದಿದ್ದರೆ ಈ ಇಬ್ಬರೂ ನನ್ನ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಈ ಒಂದಕ್ಕೇ ಇಪ್ಪತ್ತು ನಿಮಿಷ ಹೋಯಿತು. ಸಾಮಾನ್ಯವಾಗಿ ಒಂದು ಗಂಟೆಗೆ ಎಂಟು ಪ್ರಶ್ನೆಗಿಂತ ಜಾಸ್ತಿ ಮುಟ್ಟುವುದಿಲ್ಲ. ಅಷ್ಟಕ್ಕೂ ಮೀರಿದರೆ ಉತ್ತರಗಳು ಸುಮ್ನೆ ವಚನಗಳ ಪಟ್ಟಿಯಾಗುತ್ತವೆ. ಉಳಿದ ಚೀಟಿಗಳು ಮುಂದಿನ ಸಲಕ್ಕೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ, ಆದರೆ ತಾರೀಖು ಸಮೇತ: ಇಂಥ ಭಾನುವಾರದೊಳಗೆ ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇನೆ ಎಂದು. ತಾರೀಖು ಹೇಳದಿದ್ದರೆ ನಾನೇ ಮರೆಯುತ್ತೇನೆ.

ಒಂದು ಬಗೆಯ ಚೀಟಿಯನ್ನು ಮಾತ್ರ ಹಿರಿಯರು ನನಗೆ ಮೊದಲೇ ತೋರಿಸಬೇಕು. ಇದು ನನ್ನ ತಪ್ಪಿನಿಂದ ಬಂದ ನಿಯಮ. 'ಆತ್ಮಹತ್ಯೆ ಮಾಡಿಕೊಂಡವರು ಪರಲೋಕಕ್ಕೆ ಹೋಗುತ್ತಾರಾ?' ಎಂದು ಒಮ್ಮೆ ಬಂದಿತ್ತು. ನಾನು ಸಿದ್ಧಾಂತದ ಪ್ರಶ್ನೆ ಎಂದುಕೊಂಡು, ಬೈಬಲಿನಲ್ಲಿ ಹಾಗೆ ಸತ್ತವರು ಸೌಲ, ಯೂದ, ಅಹೀತೋಫೆಲ ಎಂದು ಹೇಳುತ್ತಾ ಹೋದೆ. ಹಿಂದೆ ಒಬ್ಬ ತಾಯಿ ಎದ್ದು ಹೊರಗೆ ಹೋದದ್ದು ಕಾಣಿಸಿತು. ಈ ಪ್ರಶ್ನೆ ಕೇಳುವವರು ಯಾರನ್ನೋ ಕಳೆದುಕೊಂಡಿರಬಹುದು, ಅಥವಾ ತಮಗೇ ಬದುಕು ಸಾಕಾಗಿರಬಹುದು. ಚೀಟಿ ನೋಡಿ ಯಾವುದೆಂದು ಹೇಳಲಾಗದು. ಈಗ ಇಬ್ಬರೂ ಒಳಗೆ ಕೂತಿದ್ದಾರೆ ಎಂದುಕೊಂಡೇ ಮಾತಾಡುತ್ತೇನೆ. ಹೋದವರ ಬಗ್ಗೆ ತೀರ್ಪು ಕೊಡುವ ಅಧಿಕಾರ ನನಗಿಲ್ಲ, ಹೀಗೆ ಸತ್ತವರೆಲ್ಲ ನರಕಕ್ಕೆ ಎಂದು ಹೇಳುವ ವಚನವೂ ಇಲ್ಲ ಎನ್ನುತ್ತೇನೆ. ನಿಮಗೇ ಹಾಗನ್ನಿಸುತ್ತಿದ್ದರೆ ಇವತ್ತೇ ನನ್ನ ಹತ್ತಿರ ಬನ್ನಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಎನ್ನುತ್ತೇನೆ. ಈ ಚೀಟಿಗೆ ಮರುಪ್ರಶ್ನೆ ಇಲ್ಲ. ಇದನ್ನು ಕೊನೆಯಲ್ಲೂ ಇಡುವುದಿಲ್ಲ, ಮಧ್ಯದಲ್ಲಿ ತೆಗೆದುಕೊಳ್ಳುತ್ತೇವೆ. ಕೊನೆಯಲ್ಲಿ ಇಟ್ಟರೆ ಜನ ಅದೇ ಭಾರದಲ್ಲಿ ಎದ್ದು ಹೋಗುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಅರ್ಧ ಗಂಟೆ ನಾನು ಮತ್ತು ಸಭೆಯ ಒಬ್ಬ ಅಕ್ಕ ಪಕ್ಕದ ಕೋಣೆಯಲ್ಲಿ ಬಾಗಿಲು ತೆರೆದು ಕೂತಿರುತ್ತೇವೆ. ಚಹಾದ ಟೇಬಲ್ಲನ್ನೂ ಆ ಕೋಣೆಯ ಎದುರಿಗೇ ಹಾಕಿಸಿದ್ದೇವೆ. ಅತ್ತ ಯಾರು ನಡೆದರೂ ಚಹಾಕ್ಕೆ ಹೋದ ಹಾಗೆಯೇ ಕಾಣುತ್ತದೆ.