ಚಿತ್ರ ಕದಲದು, ಮಾತು ಕದಲಬೇಕು: ಆ್ಯಸ್ಟರಿಕ್ಸ್ ಅನುವಾದದ ಹಿನ್ನೆಲೆ

ಕಾದಂಬರಿಯ ಅನುವಾದಕರು ಒಂದು ಶ್ಲೇಷೆಯನ್ನು ಕೈಬಿಟ್ಟರೆ ಮುಂದಿನ ಪುಟದಲ್ಲಿ ಮತ್ತೊಂದನ್ನು ಸೇರಿಸಿ ಲೆಕ್ಕ ಸರಿಮಾಡಬಹುದು. ಚಿತ್ರಕಥೆಯಲ್ಲಿ ಆ ಅನುಕೂಲ ಕಡಿಮೆ: ನಗೆಗೆ ಕಾರಣವಾದ ಚಿತ್ರ ಅಲ್ಲೇ ಇರುತ್ತದೆ, ಮಾತು ಬರೆಯುವ ಬಲೂನಿನ ಜಾಗವೂ ಮೊದಲೇ ನಿಗದಿಯಾಗಿರುತ್ತದೆ.

ಗೊಸಿನ್ನಿ ಬರೆದು ಯುಡೆರ್ಜೊ ಚಿತ್ರಿಸಿದ ಆ್ಯಸ್ಟರಿಕ್ಸ್ ಎಂಬ ಕಾಮಿಕ್ಸ್ ಸರಣಿ 1959ರಲ್ಲಿ ಫ್ರೆಂಚಿನಲ್ಲಿ ಆರಂಭವಾಯಿತು. 1960ರ ದಶಕದಲ್ಲಿ ಬ್ರಿಟನ್ನಿನ ವಾರಪತ್ರಿಕೆಗಳಲ್ಲಿ ಕಥೆಯ ಗಾಲರು, ಅಂದರೆ ಈಗಿನ ಫ್ರಾನ್ಸಿನ ಪ್ರಾಚೀನ ನಿವಾಸಿಗಳು, ಬ್ರಿಟನ್ನರಾದರು. ಜರ್ಮನ್ ಪತ್ರಿಕೆಯೊಂದರಲ್ಲಿ ಅವರು ಜರ್ಮನರಾಗಿ ಆ ಕಾಲದ ರಾಜಕೀಯವನ್ನೂ ಮಾತನಾಡತೊಡಗಿದಾಗ ಗೊಸಿನ್ನಿ ಅನುಮತಿಯನ್ನೇ ಹಿಂಪಡೆದರು. 1969ರಲ್ಲಿ ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್‌ರಿಜ್ ಅವರ ಇಂಗ್ಲಿಷ್ ಅನುವಾದ ಬಂದ ಮೇಲೆ ಬೇರೊಂದು ದಾರಿ ತೆರೆಯಿತು. ಗಾಲರು ಗಾಲರಾಗಿಯೇ ಉಳಿದರು, ನಗೆಮಾತುಗಳನ್ನು ಮಾತ್ರ ಹೊಸದಾಗಿ ಕಟ್ಟಲಾಯಿತು.

ಈ ಕ್ರಮದ ಕಷ್ಟವೂ ಸೊಗಸೂ ಆ್ಯಸ್ಟರಿಕ್ಸ್ ರೋಮನ್ ಸೈನ್ಯ ಸೇರುವ ಕಥೆಯ ಒಂದೇ ಚೌಕದಲ್ಲಿ ಕಾಣುತ್ತವೆ. ಹಡಗು ಕಳೆದುಕೊಂಡ ಕಡಲ್ಗಳ್ಳರು ತೆಪ್ಪದ ಮೇಲೆ ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ. ಇದು ಲೂವ್ರ್ ಸಂಗ್ರಹಾಲಯದಲ್ಲಿರುವ, ಜೆರಿಕೊ ಎಂಬ ಫ್ರೆಂಚ್ ಕಲಾವಿದನ 'ಮೆದ್ಯೂಸ್ ಹಡಗಿನ ತೆಪ್ಪ' ಎಂಬ ಪ್ರಸಿದ್ಧ ವರ್ಣಚಿತ್ರದ ಅಣಕ. ಕಡಲ್ಗಳ್ಳರ ನಾಯಕ 'ನಾನು ಮೆದ್ಯೂಸೆ' ಎನ್ನುತ್ತಾನೆ. ಫ್ರೆಂಚಿನಲ್ಲಿ ಅದರ ಅರ್ಥ ದಂಗುಬಡಿದುಹೋದೆ ಎಂದು. ಕೇಳುವ ಕಿವಿಗೆ ಹಡಗಿನ ಹೆಸರೂ ತಟ್ಟುತ್ತದೆ. ಅರ್ಥವನ್ನಷ್ಟೇ ದಾಟಿಸಿದರೆ ಬಡಪಾಯಿಯ ಗೋಳು ಉಳಿಯುತ್ತದೆ, ನಗೆ ಉಳಿಯುವುದಿಲ್ಲ. ಹಾಗಾಗಿ ಅನುವಾದಕರು ಹಡಗನ್ನು ಬಿಟ್ಟು ಕಲಾವಿದನನ್ನು ಹಿಡಿದರು: 'ವೀ ಹ್ಯಾವ್ ಬೀನ್ ಫ್ರೇಮ್ಡ್, ಬೈ ಜೆರಿಕೊ!' ಫ್ರೇಮ್ಡ್ ಎಂದರೆ ಸುಳ್ಳು ಆರೋಪದಲ್ಲಿ ಸಿಕ್ಕಿಸಲ್ಪಟ್ಟವರು, ಜೊತೆಗೆ ಚಿತ್ರದ ಕಟ್ಟಿನೊಳಗೆ ಕೂತವರು. 'ಬೈ ಜೆರಿಕೊ' ಹಳೆಯ ಇಂಗ್ಲಿಷಿನ ಉದ್ಗಾರದಂತೆ ಕೇಳಿದರೂ ವರ್ಣಚಿತ್ರ ಬರೆದವನ ಹೆಸರನ್ನು ಹೇಳಿಬಿಡುತ್ತದೆ. ಮೂಲದ ಒಂದು ಪದವೂ ಉಳಿಯದಿದ್ದರೂ ಮಾತು ಮರಳಿ ಅದೇ ಚಿತ್ರಕ್ಕೇ ತಾಗುವುದರಿಂದ, ಇದನ್ನು ನಿಷ್ಠೆ ತಪ್ಪಿದ ಅನುವಾದವೆನ್ನಲು ಮನಸ್ಸು ಬಾರದು.

ಇದಕ್ಕೂ ಒಂದು ಮಿತಿಯಿದೆ: ಮೂಲ ವರ್ಣಚಿತ್ರವನ್ನು ನೋಡಿರದ ಓದುಗರಿಗೆ ಎರಡು ಭಾಷೆಯಲ್ಲೂ ನಗೆ ಹುಟ್ಟದು. ಕನ್ನಡಕ್ಕೆ ತರುವವರಿಗೆ ಎದುರಾಗುವ ಮೊದಲ ತೊಡಕೂ ಪದದ್ದಲ್ಲ, ಅಪರಿಚಿತವಾದ ಆ ಚಿತ್ರದ್ದೇ. ಅಲ್ಲಿ ತೆಪ್ಪ, ಮುಳುಗುವುದು, ದಡ ಸೇರುವುದು ಇಂಥ ಕಣ್ಣಿಗೆ ಕಾಣುವ ಸಂಗತಿಗಳ ಮೇಲೆಯೇ ಶ್ಲೇಷೆ ಹೆಣೆಯಬೇಕಾಗುತ್ತದೆ.

ಹೆಸರುಗಳ ತಕರಾರು ಮಾತ್ರ ಇನ್ನೂ ಮುಗಿದಿಲ್ಲ. ಗಾಲರ ಹಳ್ಳಿಗೆ ಮಾಯದ ಮದ್ದು ಮಾಡಿಕೊಡುವ, ಮೂಲದ ಪನೊರಾಮಿಕ್ಸ್ ಇಂಗ್ಲಿಷಿನಲ್ಲಿ ಗೆಟಾಫಿಕ್ಸ್ ಆಗಿದ್ದ. 'ಗೆಟ್ ಎ ಫಿಕ್ಸ್' ಎಂದು ಕೇಳಿಸುವ, ಮಾದಕದ್ರವ್ಯದ ವಾಸನೆಯಿರುವ ಈ ಹೆಸರು ಮದ್ದು ಅರೆಯುವವನಿಗೆ ತುಂಟತನದ್ದೇ ಸರಿ. 2020ರಲ್ಲಿ ಬಂದ ಅಮೆರಿಕದ ಹೊಸ ಅನುವಾದದಲ್ಲಿ ಅವನು ಮತ್ತೆ ಪನೊರಾಮಿಕ್ಸ್ ಆದದ್ದರಿಂದ, ಈಗ ಒಂದೇ ಭಾಷೆಯ ಓದುಗರು ಒಬ್ಬನನ್ನೇ ಎರಡು ಹೆಸರಿನಿಂದ ಕರೆಯುತ್ತಿದ್ದಾರೆ.